ಸಹೋದ್ಯೋಗಿಯ ಇಂಗ್ಲಿಷ್ ಪತ್ರವನ್ನು ಮೊದಲು ಅನುವಾದಿಸಿಕೊಂಡು ಬರೆದ ಸಂತಾಪ ಸಂದೇಶ: ದಯವಿಟ್ಟು ಓದಿ ತಿದ್ದಿಕೊಡಿ

ಹೊಳೆಸಾಲು ಬರೆದದ್ದು:

ನಮ್ಮ ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರ ಸಹೋದರರು ಕಳೆದ ಮಂಗಳವಾರ ತೀರಿಕೊಂಡರು. ನಮ್ಮದು ಬೆಂಗಳೂರಿನ ಕಚೇರಿ. ನಾನಾ ರಾಜ್ಯಗಳವರು ಇರುವುದರಿಂದ ಮೇಡಂ ಅವರು ಎಲ್ಲರಿಗೂ ಇಂಗ್ಲಿಷಿನಲ್ಲಿಯೇ ಪತ್ರ ಬರೆದು ತಿಳಿಸಿದರು. ಅವರ ಊರು ಗದಗ ಜಿಲ್ಲೆಯ ಒಂದು ಹಳ್ಳಿ. ಮುಂದಿನ ವಾರ ನಮ್ಮವರು ಇಬ್ಬರು ಅಲ್ಲಿಗೆ ಹೋಗುತ್ತಾರೆ. ಅವರ ಕೈಯಲ್ಲಿ ಇಡೀ ವಿಭಾಗದ ಪರವಾಗಿ ಕನ್ನಡದಲ್ಲಿ ಒಂದು ಸಂತಾಪ ಪತ್ರ ಕಳುಹಿಸಬೇಕು, ಅದನ್ನು ಮನೆಯ ಹಿರಿಯರೂ ಓದುವಂತಿರಬೇಕು ಎಂದು ನಿರ್ಧಾರವಾಗಿದೆ. ಬರೆಯುವ ಹೊಣೆ ನನ್ನ ಮೇಲೆ ಬಂದಿದೆ.

ನಮ್ಮ ಕಚೇರಿಯ ಚಾಲಕರು ಮತ್ತು ಕಾವಲಿನವರು ಮೇಡಂ ಏನು ಬರೆದಿದ್ದಾರೆ ಎಂದು ಕೇಳಿದ್ದರಿಂದ, ಮೊದಲು ಆ ಪತ್ರವನ್ನು ನಿಘಂಟು ನೋಡಿಕೊಂಡು ಕನ್ನಡಕ್ಕೆ ತಂದೆ. ಅದು ಹೀಗಿದೆ:

«ನನ್ನ ಸಹೋದರ ಮಂಗಳವಾರ ಸಂಜೆ ಸಂಕ್ಷಿಪ್ತ ಅನಾರೋಗ್ಯದ ನಂತರ ಶಾಂತಿಯುತವಾಗಿ ನಿಧನರಾದರು ಎಂದು ಆಳವಾದ ದುಃಖದಿಂದ ತಿಳಿಸುತ್ತೇನೆ. ಅವರ ಹಿಂದೆ ಪತ್ನಿ ಮತ್ತು ಶಾಲೆಗೆ ಹೋಗುವ ಮಗ ಬದುಕುಳಿದಿದ್ದಾರೆ. ತಮ್ಮ ಮೊದಲ ಸಂಬಳದಲ್ಲಿ ನನ್ನ ಕಾಲೇಜಿನ ಶುಲ್ಕ ಕಟ್ಟಿದವರು ಅವರು. ಅವರು ನನ್ನ ಲಂಗರಾಗಿದ್ದರು. ಅಂತಿಮ ವಿಧಿಗಳು ನಮ್ಮ ಊರಿನಲ್ಲಿ ನಡೆದವು. ಈ ತಿಂಗಳ 20ರವರೆಗೆ ನಾನು ರಜೆಯಲ್ಲಿರುತ್ತೇನೆ. ಈ ಸಮಯದಲ್ಲಿ ನಮ್ಮ ಕುಟುಂಬದ ಖಾಸಗಿತನವನ್ನು ಗೌರವಿಸಬೇಕೆಂದು ಕೋರುತ್ತೇನೆ.»

ಅದರ ಆಧಾರದ ಮೇಲೆ ಬರೆದ ಸಂತಾಪ ಪತ್ರ ಇದು:

«ಪ್ರಿಯ ಮೇಡಂ, ನಿಮ್ಮ ನಷ್ಟದ ಸುದ್ದಿ ಕೇಳಿ ನಾವು ಆಳವಾಗಿ ದುಃಖಿತರಾಗಿದ್ದೇವೆ. ನಿಮ್ಮ ಸಹೋದರರು ನಿಮ್ಮ ಲಂಗರಾಗಿದ್ದರು ಎಂಬುದನ್ನು ನಾವು ಅರ್ಥಮಾಡಿಕೊಳ್ಳುತ್ತೇವೆ. ಅವರು ಶಾಂತಿಯುತವಾಗಿ ಹೋದರು ಎಂಬುದರಲ್ಲಿ ನೀವು ಸಾಂತ್ವನ ಕಂಡುಕೊಳ್ಳುವಿರಿ ಎಂದು ಆಶಿಸುತ್ತೇವೆ. ನಮ್ಮ ಆಲೋಚನೆಗಳು ಮತ್ತು ಪ್ರಾರ್ಥನೆಗಳು ನಿಮ್ಮೊಂದಿಗಿವೆ. ಏನಾದರೂ ಬೇಕಿದ್ದರೆ ದಯವಿಟ್ಟು ತಿಳಿಸಿ. ಇಂತಿ ದುಃಖತಪ್ತರು, ವಿಭಾಗದ ಸಮಸ್ತ ಸಿಬ್ಬಂದಿ.»

ಇದನ್ನು ಆ ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದಿದರೆ ಹೇಗೆ ಕೇಳಿಸುತ್ತದೆ ಎಂಬುದು ನನ್ನ ಚಿಂತೆ. ಎಲ್ಲಿ ಸರಿಪಡಿಸಬೇಕು?

---

ಸಂಪಿಗೆಮರ:

«ನಿಮ್ಮ ನಷ್ಟ» ಎಂಬುದನ್ನು ಮೊದಲು ತೆಗೆಯಿರಿ. ನಷ್ಟ ಆಗುವುದು ಅಂಗಡಿಗೆ ಮತ್ತು ಬೆಳೆಗೆ.

---

ಕಡತವಿಲೇವಾರಿ:

ಸರ್ಕಾರಿ ಕಚೇರಿಗಳಲ್ಲಿ ಇದಕ್ಕೆ ಸಿದ್ಧ ಮಾದರಿ ಇದೆ. ಸಭೆ ಕರೆದು, ಎರಡು ನಿಮಿಷ ಮೌನ ಆಚರಿಸಿ, «ಸದರಿಯವರ ನಿಧನಕ್ಕೆ ಸಭೆಯು ತೀವ್ರ ಸಂತಾಪವನ್ನು ವ್ಯಕ್ತಪಡಿಸುತ್ತದೆ» ಎಂದು ನಿರ್ಣಯ ಬರೆದು, ಅದರ ಒಂದು ಪ್ರತಿಯನ್ನು ಕುಟುಂಬಕ್ಕೆ ಕಳುಹಿಸುತ್ತಾರೆ. ನೀವೂ ಹಾಗೆಯೇ ಮಾಡಿದರೆ ಯಾರೂ ಆಕ್ಷೇಪಿಸುವುದಿಲ್ಲ.

---

ಹೊಳೆಸಾಲು:

ತೀರಿಕೊಂಡವರು ನಮ್ಮ ನೌಕರರಲ್ಲ, ನೌಕರರ ಸಹೋದರರು. ನಮ್ಮಲ್ಲಿ ಯಾರೂ ಅವರನ್ನು ನೋಡಿದವರಲ್ಲ. ನಿರ್ಣಯ ಬರೆದರೆ ಕಚೇರಿಯ ಕಾಗದದಂತೆ ಇರುತ್ತದೆ, ಮನೆಯವರಿಗೆ ಬರೆದ ಪತ್ರದಂತೆ ಇರುವುದಿಲ್ಲ.

---

ನಿವೃತ್ತ ಉಪಸಂಪಾದಕ:

ಪತ್ರಿಕಾ ಕಚೇರಿಯಲ್ಲಿ ನಿಧನವಾರ್ತೆಗಳನ್ನು ತಿದ್ದುವ ಕೆಲಸವನ್ನು ಬಹಳ ಕಾಲ ಮಾಡಿದವನಾಗಿ ಕೆಲವು ಮಾತು ಹೇಳುತ್ತೇನೆ. ಹೊಳೆಸಾಲು ಅವರು ಮೊದಲು ಅನುವಾದ ಮಾಡಿಕೊಂಡದ್ದು ಒಳ್ಳೆಯದೇ ಆಯಿತು, ಏಕೆಂದರೆ ಆ ಪತ್ರದಲ್ಲಿ ಏನಿದೆ, ಏನಿಲ್ಲ ಎಂಬುದು ಕನ್ನಡಕ್ಕೆ ತರುವಾಗಲೇ ತಿಳಿಯುತ್ತದೆ. ಆದರೆ ಸಂತಾಪ ಪತ್ರ ಬರೆಯಲು ಕುಳಿತಾಗ ಆ ಅನುವಾದದ ಹಾಳೆಯನ್ನು ಮಡಚಿ ಇಡಬೇಕಾಗಿತ್ತು. ಈಗ ಆಗಿರುವುದೇನೆಂದರೆ, ಆಕೆ ಬರೆದ ಮಾತುಗಳೇ ಸುತ್ತಿಕೊಂಡು ಆಕೆಗೇ ಹಿಂದಿರುಗುತ್ತಿವೆ.

ಮೊದಲು ಅನುವಾದವನ್ನೇ ನೋಡೋಣ. ಹಿಂದೆ ಉಳಿದವರ ವಿಷಯವನ್ನು ಇಂಗ್ಲಿಷಿನವರು ಹೇಳುವ ದಿಕ್ಕಿಗೂ ನಾವು ಹೇಳುವ ದಿಕ್ಕಿಗೂ ವ್ಯತ್ಯಾಸವಿದೆ. ಅವರಲ್ಲಿ ಹೆಂಡತಿ ಮಕ್ಕಳು ಉಳಿದರು ಎನ್ನುತ್ತಾರೆ. ನಮ್ಮಲ್ಲಿ ಹೋದವರು ಅಗಲಿದರು ಎನ್ನುತ್ತೇವೆ. ಕನ್ನಡ ಪತ್ರಿಕೆಗಳಲ್ಲಿ «ಮೃತರು ಪತ್ನಿ ಹಾಗೂ ಪುತ್ರನನ್ನು ಅಗಲಿದ್ದಾರೆ» ಎಂದೇ ಬರುತ್ತದೆ. «ಬದುಕುಳಿದಿದ್ದಾರೆ» ಎಂದು ಬರೆದರೆ ಓದುವವರು ಅಪಘಾತವೇನಾದರೂ ಆಯಿತೇ, ಹೆಂಡತಿ ಮಗ ಗಾಯಗೊಂಡರೇ ಎಂದು ಗಾಬರಿಗೊಳ್ಳುತ್ತಾರೆ. ಚಾಲಕರಿಗೆ ಇದನ್ನು ಈಗಾಗಲೇ ಓದಿ ಹೇಳಿದ್ದರೆ ಮೊದಲು ಅದನ್ನು ಸರಿಪಡಿಸಿ.

«ಶಾಂತಿಯುತ» ಎಂಬುದು ನಮ್ಮ ಸುದ್ದಿಮನೆಯಲ್ಲಿ ಮತದಾನಕ್ಕೂ ಮೆರವಣಿಗೆಗೂ ಮೀಸಲಾದ ಮಾತು. ಸಾವಿನ ಬಗ್ಗೆ ಹೇಳುವಾಗ ನೋವಿಲ್ಲದೆ ಕಣ್ಣುಮುಚ್ಚಿದರು, ಅನಾಯಾಸವಾಗಿ ಪ್ರಾಣ ಬಿಟ್ಟರು ಎನ್ನುತ್ತಾರೆ. «ಸಂಕ್ಷಿಪ್ತ ಅನಾರೋಗ್ಯ»ಕ್ಕೆ ಬದಲಾಗಿ ಅಲ್ಪಕಾಲದ ಅನಾರೋಗ್ಯ ಎಂದರೆ ಸಾಕು. ಲಂಗರು ಹಡಗಿನಲ್ಲಿಯೇ ಇರಲಿ. ಮನುಷ್ಯರು ಆಸರೆಯಾಗಿರುತ್ತಾರೆ, ಬೆನ್ನಿಗೆ ನಿಂತಿರುತ್ತಾರೆ.

ಎಲ್ಲಕ್ಕಿಂತ ಮುಖ್ಯವಾಗಿ, «ಸಹೋದರ» ಎಂದು ಬರೆದು ನೀವು ಒಂದು ಪ್ರಶ್ನೆಯನ್ನು ದಾಟಿಬಿಟ್ಟಿದ್ದೀರಿ. ಅಣ್ಣನೋ ತಮ್ಮನೋ? ಇಂಗ್ಲಿಷಿನಲ್ಲಿ ಅದನ್ನು ಹೇಳದೆ ಬಿಡಬಹುದು, ಆದರೆ ಕನ್ನಡದ ಮನೆಗೆ ಪತ್ರ ಕಳುಹಿಸುವಾಗ ಬಿಡಲಾಗದು.

---

ಗದ್ದೆಬದು:

ಅಣ್ಣ ಎಂಬುದು ಪತ್ರದಲ್ಲಿಯೇ ಇದೆಯಲ್ಲ! ಮೊದಲ ಸಂಬಳದಲ್ಲಿ ಈಕೆಯ ಕಾಲೇಜಿನ ಶುಲ್ಕ ಕಟ್ಟಿದ್ದಾರೆ ಎಂದ ಮೇಲೆ ಈಕೆಗಿಂತ ಮೊದಲೇ ಕೆಲಸಕ್ಕೆ ಸೇರಿದವರು, ಹಾಗಾಗಿ ಹಿರಿಯರು.

---

ಸಂಪಿಗೆಮರ:

ಹಾಗೆಂದು ನಿಶ್ಚಯವಾಗಿ ಹೇಳಲಾಗದು. ಹತ್ತನೆಯ ತರಗತಿ ಮುಗಿಸಿ ದುಡಿಯಲು ಹೋದ ತಮ್ಮಂದಿರು ಅಕ್ಕನನ್ನು ಓದಿಸಿದ ಮನೆಗಳನ್ನು ನಾನು ಕಂಡಿದ್ದೇನೆ. ಊಹೆಯ ಮೇಲೆ ಬರೆಯುವುದಕ್ಕಿಂತ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಆದರೆ ಮೇಡಂ ಅವರನ್ನೇ ಕೇಳಬೇಡಿ. ಅವರ ಊರಿನ ಕಡೆಯವರು ಕಚೇರಿಯಲ್ಲಿ ಇದ್ದೇ ಇರುತ್ತಾರೆ.

---

ಅಂಚೆಡಬ್ಬಿ:

ನನ್ನ ಸಲಹೆ ಏನೆಂದರೆ, ಪತ್ರವನ್ನು ಈಗಲೇ ಕಳುಹಿಸಬೇಡಿ. ಹನ್ನೊಂದು ದಿನ ಸೂತಕ ಇರುತ್ತದೆ. ಸೂತಕ ಕಳೆದು, ವೈಕುಂಠ ಸಮಾರಾಧನೆ ಮುಗಿದ ಮೇಲೆ ಕಳುಹಿಸಿ. ಪತ್ರದ ತಲೆಯಲ್ಲಿ ‘ಶ್ರೀ’ ಬರೆಯಬಾರದು, ಅರಿಶಿನ ಕುಂಕುಮ ಸೋಕಿಸಬಾರದು. ನಮ್ಮ ಮನೆಯಲ್ಲಿ ಸಾವಿನ ಸುದ್ದಿಯ ಕಾಗದ ಬಂದರೆ ಓದಿದ ಕೂಡಲೇ ಹರಿದುಹಾಕುತ್ತಿದ್ದರು, ದೇವರ ಮನೆಯ ಕಡೆಗೆ ತರುತ್ತಲೇ ಇರಲಿಲ್ಲ. ಮಾತು ಹೀಗಿರಲಿ: «ಮೃತರ ಆತ್ಮಕ್ಕೆ ಶ್ರೀಹರಿಯು ಸದ್ಗತಿಯನ್ನು ಕರುಣಿಸಲಿ.»

---

ಹುಬ್ಬಳ್ಳಿ ಕಡೆಯವ:

ಅಂಚೆಡಬ್ಬಿ ಅವರೇ, ‘ಶ್ರೀ’ಯ ವಿಷಯ ಸರಿ, ಆದರೆ ಉಳಿದದ್ದು ನಿಮ್ಮ ಮನೆಯ ಪದ್ಧತಿ. ಗದಗದ ಹಳ್ಳಿ ಎಂದಿದ್ದಾರೆ. ಅವರು ಲಿಂಗಾಯತರಾಗಿದ್ದರೆ ವೈಕುಂಠ ಎಲ್ಲಿಂದ ಬಂತು? ನಮ್ಮ ಮನೆಗಳಲ್ಲಿ ಲಿಂಗೈಕ್ಯರಾದರು ಎನ್ನುತ್ತಾರೆ, ಕಾರ್ಯಕ್ಕೆ ಶಿವಗಣಾರಾಧನೆ ಎನ್ನುತ್ತಾರೆ. ಶರಣರು ಪಂಚಸೂತಕಗಳನ್ನು ಒಪ್ಪಲಿಲ್ಲ, ಅವುಗಳಲ್ಲಿ ಸಾವಿನ ಸೂತಕವೂ ಒಂದು. ಆಚರಣೆಯಲ್ಲಿ ಮನೆಯಿಂದ ಮನೆಗೆ ವ್ಯತ್ಯಾಸ ಇರುತ್ತದೆ ಎಂಬುದು ನಿಜ, ಆದರೆ ಹನ್ನೊಂದು ದಿನ ಕಾಯಿರಿ ಎಂದು ಎಲ್ಲರಿಗೂ ಹೇಳುವಂತಿಲ್ಲ. ಇನ್ನೊಂದು ಮಾತು: ನಮ್ಮಲ್ಲಿ ಹೂಳುತ್ತಾರೆ, ಸುಡುವುದಿಲ್ಲ. ಪತ್ರದಲ್ಲಿ ಯಾರಾದರೂ ಚಂದಗಾಣಿಸಲು ಹೋಗಿ ಚಿತೆ, ಅಗ್ನಿಸ್ಪರ್ಶ ಎಂದೆಲ್ಲ ಬರೆದರೆ ಓದುವವರಿಗೆ ಮುಜುಗರವಾಗುತ್ತದೆ. ಅಂತ್ಯಕ್ರಿಯೆ ಎಂದರೆ ಎರಡಕ್ಕೂ ಸಲ್ಲುತ್ತದೆ.

ಮೊದಲು ಆ ಮನೆಯವರು ಯಾರು ಎಂದು ತಿಳಿದುಕೊಳ್ಳಿ. ಕಾರ್ಯದ ಆಮಂತ್ರಣ ಅಚ್ಚಾಗಿದ್ದರೆ ಅದರಲ್ಲಿ ಅವರೇ ಯಾವ ಮಾತು ಬಳಸಿದ್ದಾರೆ ಎಂದು ನೋಡಿ, ಅದನ್ನೇ ಅನುಸರಿಸಿ.

---

ಅಂಚೆಡಬ್ಬಿ:

ತಿಳಿಯದಿದ್ದಾಗ ಹೇಳುವ ಮಾತು ಒಂದು ಬೇಕಲ್ಲ? «ಆತ್ಮಕ್ಕೆ ಚಿರಶಾಂತಿ ದೊರೆಯಲಿ» ಎಂದರೆ ಯಾರಿಗೂ ತೊಂದರೆ ಇಲ್ಲ ಎಂದುಕೊಂಡಿದ್ದೇನೆ.

---

ಹುಬ್ಬಳ್ಳಿ ಕಡೆಯವ:

ತೊಂದರೆ ಇಲ್ಲ, ನಮ್ಮವರ ಕಾರ್ಡುಗಳಲ್ಲಿಯೂ ಅದು ಅಚ್ಚಾಗುತ್ತದೆ. ಆದರೂ ಲಿಂಗದಲ್ಲಿ ಐಕ್ಯವಾದವರಿಗೆ ಬೇರೆ ಶಾಂತಿ ಏಕೆ ಕೋರಬೇಕು ಎಂದು ವಾದಿಸುವ ಹಿರಿಯರು ಇದ್ದಾರೆ. ನಾನಾಗಿದ್ದರೆ ಆ ವಾಕ್ಯವನ್ನೇ ಬರೆಯುತ್ತಿರಲಿಲ್ಲ.

---

ಕಡಲತಡಿ:

ಖಾಸಗಿತನವನ್ನು ಗೌರವಿಸಿ ಎಂದು ಅವರೇ ಬರೆದಿದ್ದಾರೆ. ಹೀಗಿರುವಾಗ ನಿಮ್ಮವರು ಇಬ್ಬರು ಊರಿಗೇ ಹೊರಟಿರುವುದು ಸರಿಯೇ? ಆ ಪತ್ರವನ್ನು ಅನುವಾದಿಸಿ ಇಲ್ಲಿ ಹಾಕಿದ್ದೂ ನನಗೆ ಅಷ್ಟಾಗಿ ಹಿಡಿಸಲಿಲ್ಲ.

---

ಹೊಳೆಸಾಲು:

ಇಲ್ಲಿ ಹಾಕುವ ಮೊದಲು ಗುರುತು ಸಿಗುವ ವಿವರಗಳನ್ನೆಲ್ಲ ತೆಗೆದಿದ್ದೇನೆ, ಕೆಲವನ್ನು ಬದಲಿಸಿಯೂ ಇದ್ದೇನೆ. ಹೋಗುವ ಇಬ್ಬರನ್ನು ಮೇಡಂ ಅವರೇ ಫೋನಿನಲ್ಲಿ ಕರೆದಿದ್ದಾರೆ.

ವಿಚಾರಿಸಿದಾಗ ಇನ್ನೂ ಕೆಲವು ಸಂಗತಿ ತಿಳಿದವು. ಅವರ ಊರಿನ ಹತ್ತಿರದವರೊಬ್ಬರು ನಮ್ಮ ಲೆಕ್ಕಪತ್ರ ವಿಭಾಗದಲ್ಲಿದ್ದಾರೆ. ತೀರಿಕೊಂಡವರು ಮೇಡಂ ಅವರಿಗಿಂತ ಹಿರಿಯರು, ವಯಸ್ಸು 46. ಆದರೆ ಒಡಹುಟ್ಟಿದವರಲ್ಲ, ದೊಡ್ಡಪ್ಪನ ಮಗನಂತೆ. ಎರಡು ಕುಟುಂಬಗಳೂ ಒಂದೇ ಮನೆಯಲ್ಲಿ ಬೆಳೆದವು. ಕಾರ್ಯದ ಆಮಂತ್ರಣವನ್ನೂ ನೋಡಿದೆ. ಶಿವಗಣಾರಾಧನೆ ಎಂದೇ ಇದೆ, ‘ಲಿಂಗೈಕ್ಯ’ ಎಂಬ ಮಾತೂ ಇದೆ. ಹಾಗಾದರೆ ಪತ್ರದಲ್ಲಿ «ನಿಮ್ಮ ದೊಡ್ಡಪ್ಪನ ಮಗ» ಎಂದು ಬರೆಯಬೇಕೇ?

---

ಗದ್ದೆಬದು:

ಖಂಡಿತ ಬೇಡ. ದೊಡ್ಡಪ್ಪನ ಮಗ ಅಣ್ಣನೇ. ಸೋದರತ್ತೆಯ ಮಗನೋ ಸೋದರಮಾವನ ಮಗನೋ ಆಗಿದ್ದರೆ ಭಾವ ಎನ್ನಬೇಕಿತ್ತು, ಆಗ ಪ್ರಶ್ನೆ ಬೇರೆ. ಆಕೆ ಅಣ್ಣ ಎಂದುಕೊಂಡೇ ಬೆಳೆದಿದ್ದಾರೆ, ಇಂಗ್ಲಿಷಿನಲ್ಲಿಯೂ ಹಾಗೆಯೇ ಬರೆದಿದ್ದಾರೆ. ಸ್ವಂತ ಅಣ್ಣನೇ ಎಂದು ಕೇಳುವುದಾಗಲಿ, ಪತ್ರದಲ್ಲಿ ಸಂಬಂಧವನ್ನು ಬಿಡಿಸಿ ತೋರಿಸುವುದಾಗಲಿ ಆ ಸಂಬಂಧವನ್ನು ಕಡಿಮೆ ಮಾಡಿದಂತೆ.

---

ನಿವೃತ್ತ ಉಪಸಂಪಾದಕ:

ಗದ್ದೆಬದು ಅವರ ಮಾತು ಸರಿ. ಆದರೆ ಈ ಸಂಗತಿ ತಿಳಿದದ್ದರಿಂದ ಬೇರೊಂದು ಕಡೆ ಉಪಯೋಗವಾಯಿತು. ಅಣ್ಣನವರ ಸಾವಿಗೆ ಪತ್ರ ಬರೆಯುವವರು ಕೊನೆಯಲ್ಲಿ «ನಿಮ್ಮ ತಂದೆತಾಯಿಯವರಿಗೆ ಪುತ್ರಶೋಕವನ್ನು ಸಹಿಸುವ ಶಕ್ತಿ ಬರಲಿ» ಎಂದು ಬರೆಯುವುದು ರೂಢಿ. ಇಲ್ಲಿ ಹಾಗೆ ಬರೆದಿದ್ದರೆ, ಮಗನನ್ನು ಕಳೆದುಕೊಂಡ ದೊಡ್ಡಮ್ಮ ಅದೇ ಮನೆಯಲ್ಲಿ ಕುಳಿತು ಕೇಳುವಾಗ ಏನಾಗುತ್ತಿತ್ತು ಯೋಚಿಸಿ. ಆದ್ದರಿಂದ ಶೋಕದಲ್ಲಿರುವವರನ್ನು ಹೆಸರಿಸುವಾಗ «ನಿಮ್ಮ ಅತ್ತಿಗೆಯವರು, ಅವರ ಮಗ ಹಾಗೂ ಮನೆಯ ಹಿರಿಯರು» ಎಂದು ಬರೆಯಿರಿ. ಆ ಕಡೆ ಅತ್ತಿಗೆಗೆ ವೈನಿ ಎನ್ನುವವರೂ ಇದ್ದಾರೆ. ಬರವಣಿಗೆಯಲ್ಲಿ ಅತ್ತಿಗೆ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ವಯಸ್ಸು 46 ಎಂದಿರಿ. ಹಾಗಾಗಿ ತುಂಬುಜೀವನ, ಸಾರ್ಥಕ ಬದುಕು ಎಂಬ ಮಾತುಗಳು ಬರಕೂಡದು. ಅವು ಮೊಮ್ಮಕ್ಕಳನ್ನು ಕಂಡು ಹೋದವರಿಗೆ ಸಲ್ಲುವವು. «ಶಾಂತಿಯುತವಾಗಿ ಹೋದರು, ಅದರಲ್ಲಿ ಸಾಂತ್ವನ ಕಂಡುಕೊಳ್ಳಿ» ಎಂಬ ನಿಮ್ಮ ಮಾತನ್ನೂ ಕೈಬಿಡಿ. ನೋವಿಲ್ಲದೆ ಹೋದರು ಎಂದು ಆಕೆ ಹೇಳಿಕೊಳ್ಳಬಹುದು, ಅದು ಆಕೆಯ ಸಮಾಧಾನ. ಶಾಲೆಗೆ ಹೋಗುವ ಮಗನಿರುವ ಹೆಂಗಸಿಗೆ ಹೊರಗಿನವರಾದ ನಾವು ಅದನ್ನು ಹೇಳಲಾಗದು.

---

ಕಡತವಿಲೇವಾರಿ:

«ಆಯುಷ್ಯ ಇಷ್ಟೇ ಇತ್ತು, ವಿಧಿಯ ಮುಂದೆ ಯಾರು ಏನು ಮಾಡಲು ಸಾಧ್ಯ» ಎಂದು ಬರೆಯಬಹುದಲ್ಲವೇ? ಅದು ನಮ್ಮವರು ಸಾಮಾನ್ಯವಾಗಿ ಹೇಳುವ ಮಾತು, ಎಲ್ಲಿಂದಲೂ ಅನುವಾದವಾಗಿ ಬಂದದ್ದಲ್ಲ.

---

ಸಂಪಿಗೆಮರ:

ಮನೆಗೆ ಹೋಗಿ ಜಗುಲಿಯಲ್ಲಿ ಕುಳಿತ ವಯಸ್ಸಾದವರು ಅದನ್ನು ಹೇಳುತ್ತಾರೆ, ಅವರ ಬಾಯಲ್ಲಿ ಅದು ಒಪ್ಪುತ್ತದೆ. ಕಚೇರಿಯವರು ಹಾಳೆಯ ಮೇಲೆ ಬರೆದು ಕಳುಹಿಸಿದರೆ ತೀರ್ಪು ಕೊಟ್ಟಂತೆ ಇರುತ್ತದೆ. ನಮ್ಮ ಭಾಷೆಯದು ಎಂಬ ಕಾರಣಕ್ಕೆ ಎಲ್ಲ ಮಾತೂ ಎಲ್ಲರ ಕೈಯಲ್ಲೂ ಸಲ್ಲುವುದಿಲ್ಲ.

---

ಮರಳುನಾಡಿನಿಂದ:

ನಾನು ದುಬೈಯಲ್ಲಿ ಕೆಲಸ ಮಾಡುವವಳು. ನನ್ನ ತಾಯಿ ಮಂಗಳೂರಿನಲ್ಲಿ ತೀರಿಕೊಂಡಾಗ ನಾನೂ ಇಂಗ್ಲಿಷಿನಲ್ಲಿಯೇ ಎಲ್ಲರಿಗೂ ತಿಳಿಸಿದ್ದೆ. ಬಂದ ಉತ್ತರಗಳಲ್ಲಿ ಬಹಳಷ್ಟು ಒಂದೇ ಅಚ್ಚಿನವು. ನಾವು ಕ್ರೈಸ್ತರು ಎಂಬುದನ್ನು ನೋಡದೆ «ಸದ್ಗತಿ», «ಓಂ ಶಾಂತಿ» ಎಂದು ಬರೆದವರೂ ಇದ್ದರು. ನನಗೆ ಅದರಿಂದ ಬೇಸರವೇನೂ ಆಗಲಿಲ್ಲ, ಪ್ರೀತಿಯಿಂದಲೇ ಬರೆದಿದ್ದರು. ಆದರೆ ನನ್ನ ಪತ್ರದಲ್ಲಿ ಅಮ್ಮ ಕೊನೆಯ ವಾರದವರೆಗೂ ಮಲ್ಲಿಗೆ ಕಟ್ಟುತ್ತಿದ್ದರು ಎಂದು ಒಂದು ಸಾಲು ಇತ್ತು. ಒಬ್ಬ ಸಹೋದ್ಯೋಗಿ ಮಾತ್ರ ಆ ಸಾಲನ್ನು ಹಿಡಿದು, ಯಾವ ಕಡೆಯ ಮಲ್ಲಿಗೆ, ಶಂಕರಪುರದ್ದೇ, ಎಂದು ಕೇಳಿದ್ದ. ಅವನಿಗೆ ನಾನು ಎರಡು ಪುಟ ಉತ್ತರ ಬರೆದೆ.

ನಿಮ್ಮ ಮೇಡಂ ಅವರ ಪತ್ರದಲ್ಲಿ ಅಂಥ ಸಾಲು ಮೊದಲ ಸಂಬಳದ್ದು. ನಿಮ್ಮ ಸಂತಾಪ ಪತ್ರದಲ್ಲಿ ಅದರ ಸುಳಿವೇ ಇಲ್ಲ. ಲಂಗರನ್ನು ಮಾತ್ರ ಎತ್ತಿಕೊಂಡಿದ್ದೀರಿ.

---

ಗದ್ದೆಬದು:

ಇದು ಬಹಳ ಒಳ್ಳೆಯ ಮಾತು.

---

ಕಡಲತಡಿ:

ನನಗೆ ಇಲ್ಲಿ ಸ್ವಲ್ಪ ಅನುಮಾನ ಇದೆ. ಹಣಕಾಸಿನ ಸಂಗತಿಯನ್ನು ಅತ್ತಿಗೆಯ ಮುಂದೆ, ನೆಂಟರ ಮುಂದೆ ಓದುವ ಪತ್ರದಲ್ಲಿ ಬರೆಯುವುದು ಸರಿಯೇ? ಕಚೇರಿಯವರಿಗೆ ಇಂಗ್ಲಿಷಿನಲ್ಲಿ ಹೇಳಿಕೊಂಡದ್ದನ್ನು ಮನೆಯವರ ಮುಂದೆ ಕನ್ನಡದಲ್ಲಿ ಹೇಳಲು ಆಕೆಗೆ ಇಷ್ಟವಿದೆಯೋ ಇಲ್ಲವೋ ನಮಗೆ ತಿಳಿಯದು.

---

ಹುಬ್ಬಳ್ಳಿ ಕಡೆಯವ:

ಅಣ್ಣ ತಂಗಿಯನ್ನು ಓದಿಸಿದ್ದು ಮುಚ್ಚಿಡುವ ಸಂಗತಿಯಲ್ಲ, ಇಡೀ ಊರಿಗೆ ಗೊತ್ತಿರುತ್ತದೆ. ಶುಲ್ಕ, ಸಂಬಳ ಎಂದು ಬರೆಯುವುದು ಬೇಡ. ಓದಿಸಿದರು ಎಂದರೆ ಸಾಕು. ಆ ಮಾತನ್ನು ಕೇಳಿದರೆ ದೊಡ್ಡಮ್ಮನಿಗೂ ಅತ್ತಿಗೆಗೂ ಹೆಮ್ಮೆಯೇ ಆಗುತ್ತದೆ.

---

ಕಡಲತಡಿ:

ನೂರಕ್ಕೆ ನೂರು ಒಪ್ಪಲಾರೆ, ಆದರೆ ಓದಿಸಿದರು ಎಂಬ ಮಾತು ನೀವು ಹೇಳಿದಂತೆ ಹಗುರವಾಗಿದೆ.

---

ನಿವೃತ್ತ ಉಪಸಂಪಾದಕ:

ಇನ್ನು ಉಳಿದದ್ದು ಪತ್ರದ ತಲೆ ಮತ್ತು ಬುಡ. «ಪ್ರಿಯ ಮೇಡಂ» ಎಂಬುದು ರಜೆ ಅರ್ಜಿಗೂ ಮದುವೆಯ ಹಾರೈಕೆಗೂ ಒಂದೇ ಥರ ಬರುವ ಸಂಬೋಧನೆ. ಈ ಪತ್ರಕ್ಕೆ ಸಂಬೋಧನೆಯ ಅಬ್ಬರ ಬೇಡ. ಹೆಸರು, ಅದರ ಮುಂದೆ ‘ಅವರಿಗೆ’ ಎಂದು ಬರೆದು ನೇರವಾಗಿ ವಿಷಯಕ್ಕೆ ಬನ್ನಿ. ಕ್ಷೇಮಸಮಾಚಾರ ಬೇಡ.

«ಇಂತಿ ದುಃಖತಪ್ತರು» ಎಂದು ಸಹಿ ಮಾಡಿದ್ದೀರಿ. ಉತ್ತರಕ್ರಿಯೆಯ ಕಾರ್ಡುಗಳನ್ನು ನೋಡಿ ಅದನ್ನು ತೆಗೆದುಕೊಂಡಿರಬೇಕು. ಅದು ಮನೆಯವರು ನೆಂಟರಿಷ್ಟರಿಗೆ ಕಳುಹಿಸುವ ಕಾರ್ಡಿನಲ್ಲಿ ಅವರು ಮಾಡುವ ಸಹಿ. ಹೆಂಡತಿ, ಮಕ್ಕಳು, ಸಹೋದರರು, ಬಂಧುಗಳು ಎಂದು ಅದರ ಕೆಳಗೆ ಸಾಲಾಗಿ ಬರುತ್ತದೆ. ಆ ಜಾಗದಲ್ಲಿ ಕಚೇರಿಯವರು ನಿಲ್ಲುವಂತಿಲ್ಲ. ನಿಮ್ಮ ದುಃಖದಲ್ಲಿ ಭಾಗಿಗಳಾದ ಸಹೋದ್ಯೋಗಿಗಳು ಎಂದರೆ ನಿಮ್ಮ ಜಾಗ ಸರಿಯಾಗುತ್ತದೆ. «ಧನ್ಯವಾದಗಳೊಂದಿಗೆ» ಎಂದು ಅಭ್ಯಾಸಬಲದಿಂದ ಸೇರಿಸುವವರೂ ಇದ್ದಾರೆ, ಅದರ ಬಗ್ಗೆಯೂ ಎಚ್ಚರವಿರಲಿ.

ಶ್ರದ್ಧಾಂಜಲಿ ಎಂಬ ಶೀರ್ಷಿಕೆ ಹಾಕಬೇಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಶ್ರದ್ಧಾಂಜಲಿ ಹೋದವರಿಗೆ, ಸಂತಾಪ ಇರುವವರಿಗೆ. ನೀವು ಬರೆಯುತ್ತಿರುವುದು ಇರುವವರಿಗೆ.

---

ಅಂಚೆಡಬ್ಬಿ:

«ನಮ್ಮ ಆಲೋಚನೆಗಳು ಮತ್ತು ಪ್ರಾರ್ಥನೆಗಳು ನಿಮ್ಮೊಂದಿಗಿವೆ» ಎಂಬ ವಾಕ್ಯದ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಆಲೋಚನೆಗಳು ಯಾರೊಂದಿಗಾದರೂ ಇರುವುದು ಹೇಗೆ ಎಂದು ನಮ್ಮ ತಾಯಿ ಕೇಳಿಯೇ ಕೇಳುತ್ತಿದ್ದರು. ‘ಏನಾದರೂ ಬೇಕಿದ್ದರೆ ತಿಳಿಸಿ’ ಎಂಬುದು ಇರಲಿ ಎನಿಸುತ್ತದೆ, ಅದರಲ್ಲಿ ಸೌಜನ್ಯವಿದೆ.

---

ಗದ್ದೆಬದು:

ಸೌಜನ್ಯವಿದೆ, ಆದರೆ ದುಃಖದಲ್ಲಿರುವವರು ಬಾಯಿಬಿಟ್ಟು ಕೇಳುವುದಿಲ್ಲ. ಊರಿನಲ್ಲಿ ಸಾವಾದ ಮನೆಯಲ್ಲಿ ಅಡುಗೆಯ ಒಲೆ ಹೊತ್ತಿಸುವುದಿಲ್ಲ. ಅಕ್ಕಪಕ್ಕದವರು ಏನು ಬೇಕು ಎಂದು ಕೇಳದೆ ಅನ್ನ ಸಾರು ಮಾಡಿ ತಂದಿಡುತ್ತಾರೆ. ಕಚೇರಿಯವರಿಂದ ಆಗುವ ಸಹಾಯ ಯಾವುದು? ಆಕೆಯ ಕೆಲಸ. ರಜೆಯ ವಿಷಯವನ್ನು ಆಕೆ ಆ ಪತ್ರದಲ್ಲಿಯೇ ಬರೆಯಬೇಕಾಗಿ ಬಂದಿದೆ ಎಂದರೆ ಅದರ ಚಿಂತೆ ಮನಸ್ಸಿನಲ್ಲಿದೆ ಎಂದರ್ಥ. ನಿಮ್ಮ ಪಾಲಿನ ಕೆಲಸವನ್ನು ನಾವು ಹಂಚಿಕೊಂಡಿದ್ದೇವೆ ಎಂದು ಬರೆಯಿರಿ, ಹಾಗೆಯೇ ಮಾಡಿ.

---

ಹೊಳೆಸಾಲು:

ಎಲ್ಲರಿಗೂ ವಂದನೆಗಳು. ಕೆಲಸ ಹಂಚಿಕೊಂಡದ್ದು ನಿಜವೇ. ತಿಂಗಳ ಕೊನೆಯ ವರದಿಯನ್ನು ನಮ್ಮಲ್ಲಿ ಮೂವರು ಈಗಾಗಲೇ ಕೈಗೆತ್ತಿಕೊಂಡಿದ್ದಾರೆ. ಅನುವಾದದ ಹಾಳೆಯನ್ನು ಬದಿಗಿಟ್ಟು ಹೊಸದಾಗಿ ಬರೆದದ್ದು ಇದು:

«… ಅವರಿಗೆ,

ನಿಮ್ಮ ಅಣ್ಣನವರು ಲಿಂಗೈಕ್ಯರಾದ ಸುದ್ದಿ ತಿಳಿದು ನಮಗೆಲ್ಲರಿಗೂ ಬಹಳ ದುಃಖವಾಯಿತು. ನಮ್ಮಲ್ಲಿ ಯಾರೂ ಅವರನ್ನು ಕಂಡವರಲ್ಲ. ಆದರೆ ನಿಮ್ಮನ್ನು ಓದಿಸಿ, ಈ ಹಂತಕ್ಕೆ ತಂದು, ಬೆನ್ನಿಗೆ ನಿಂತವರು ಅವರು ಎಂಬುದನ್ನು ನಿಮ್ಮ ಪತ್ರದಿಂದ ತಿಳಿದೆವು. ನಿಮ್ಮ ಕೆಲಸದ ಅಚ್ಚುಕಟ್ಟುತನವನ್ನು ದಿನವೂ ಕಾಣುವ ನಮಗೆ ಅದರ ಹಿಂದೆ ಅವರ ಶ್ರಮವೂ ಇದೆ ಎಂದು ಈಗ ಗೊತ್ತಾಯಿತು.

ಇಷ್ಟು ಬೇಗ ಅವರು ನಿಮ್ಮೆಲ್ಲರನ್ನೂ ಅಗಲಿದ್ದು ಸಹಿಸಲು ಕಷ್ಟವಾದ ಸಂಗತಿ. ನಿಮ್ಮ ಅತ್ತಿಗೆಯವರಿಗೂ ಅವರ ಮಗನಿಗೂ ಮನೆಯ ಹಿರಿಯರಿಗೂ ನಮ್ಮ ಸಂತಾಪವನ್ನು ತಿಳಿಸಿ. ಈ ದುಃಖವನ್ನು ತಡೆದುಕೊಳ್ಳುವ ಶಕ್ತಿಯನ್ನು ದೇವರು ನಿಮಗೆಲ್ಲರಿಗೂ ಕೊಡಲಿ.

ಕಚೇರಿಯ ಕೆಲಸದ ಬಗ್ಗೆ ಯೋಚಿಸಬೇಡಿ. ನಿಮ್ಮ ಪಾಲಿನದನ್ನು ನಾವು ಹಂಚಿಕೊಂಡಿದ್ದೇವೆ. ಮನೆಯಲ್ಲಿ ಎಷ್ಟು ದಿನ ಇರಬೇಕೋ ಅಷ್ಟು ದಿನ ಇರಿ.

ನಿಮ್ಮ ದುಃಖದಲ್ಲಿ ಭಾಗಿಗಳಾದ
ನಿಮ್ಮ ವಿಭಾಗದ ಸಹೋದ್ಯೋಗಿಗಳು»

ಚಾಲಕರಿಗಾಗಿ ಮಾಡಿದ ಅನುವಾದವನ್ನೂ ಚಿಕ್ಕದು ಮಾಡಿದ್ದೇನೆ: «ಮೇಡಂ ಅವರ ಅಣ್ಣನವರು ಅಲ್ಪಕಾಲದ ಅನಾರೋಗ್ಯದಿಂದ ಮಂಗಳವಾರ ಸಂಜೆ ತೀರಿಕೊಂಡರು. ಹೆಂಡತಿ ಮತ್ತು ಶಾಲೆಗೆ ಹೋಗುವ ಮಗನನ್ನು ಅಗಲಿದ್ದಾರೆ. ಅಂತ್ಯಕ್ರಿಯೆ ಊರಿನಲ್ಲಿಯೇ ಆಯಿತು. ಮೇಡಂ 20ರವರೆಗೆ ರಜೆಯಲ್ಲಿರುತ್ತಾರೆ. ಸದ್ಯಕ್ಕೆ ಯಾರೂ ಅವರಿಗೆ ಫೋನ್ ಮಾಡಬಾರದೆಂದು ಕೋರಿದ್ದಾರೆ.»

---

ಸಂಪಿಗೆಮರ:

ಅನುವಾದದ ಕೊನೆಯ ಸಾಲು ಚೆನ್ನಾಗಿದೆ. ಖಾಸಗಿತನ ಎಂದು ಬರೆದಿದ್ದರೆ ಏನು ಮಾಡಬಾರದು ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ.

---

ಕಡಲತಡಿ:

ಆದರೆ ಫೋನ್ ಮಾಡಬಾರದು ಎಂದು ಮೇಡಂ ಬರೆದಿಲ್ಲವಲ್ಲ. ಅದು ನಿಮ್ಮ ವ್ಯಾಖ್ಯಾನ. ಆಕೆಯ ಮಾತು ಎಂದು ಹೇಳಿ ನಿಮ್ಮ ಮಾತನ್ನು ಸೇರಿಸುವುದು ಅನುವಾದದಲ್ಲಿ ದೊಡ್ಡ ಸ್ವಾತಂತ್ರ್ಯ.

---

ಗದ್ದೆಬದು:

ಇಂಗ್ಲಿಷಿನ ಆ ಸಾಲಿಗೆ ಹಳ್ಳಿಯ ಮನೆಯಲ್ಲಿ ಬೇರೆ ಯಾವ ಅರ್ಥವೂ ಇಲ್ಲ. ಊರಿನವರು ಹೇಗಿದ್ದರೂ ಬಂದು ಹೋಗುತ್ತಿರುತ್ತಾರೆ, ಅವರನ್ನು ಯಾರೂ ತಡೆಯುವುದಿಲ್ಲ. ಆಕೆ ಕೋರಿರುವುದು ಕಚೇರಿಯವರ ಫೋನಿನಿಂದ ಬಿಡುವು.

---

ಕಡಲತಡಿ:

ಇರಬಹುದು. «ಕೋರಿದ್ದಾರೆ» ಎನ್ನುವ ಬದಲು «ಮಾಡದಿರುವುದು ಒಳ್ಳೆಯದು» ಎಂದರೆ ನನ್ನ ಆಕ್ಷೇಪ ಉಳಿಯುವುದಿಲ್ಲ.

---

ಹುಬ್ಬಳ್ಳಿ ಕಡೆಯವ:

ಪತ್ರ ನನಗೆ ಒಪ್ಪಿಗೆಯಾಯಿತು. ಒಯ್ಯುವ ಇಬ್ಬರಿಗೆ ಒಂದು ಮಾತು ಹೇಳಿ ಕಳುಹಿಸಿ: ಹೊರಡುವಾಗ ನಮ್ಮ ಅಭ್ಯಾಸದಂತೆ ‘ಹೋಗಿ ಬರುತ್ತೇವೆ’ ಎನ್ನಬಾರದು. ಹೇಳದೆಯೇ ಎದ್ದು ಹೊರಡುವುದು ರೂಢಿ. ಕೆಲವು ಮನೆಗಳಲ್ಲಿ ಇದನ್ನು ಬಹಳ ಗಮನಿಸುತ್ತಾರೆ.

---

ಅಂಚೆಡಬ್ಬಿ:

ಇದು ನಮ್ಮ ಕಡೆಯೂ ಹಾಗೆಯೇ. ಇದರಲ್ಲಾದರೂ ನಾವಿಬ್ಬರೂ ಒಂದೇ ಮಾತಿಗೆ ಬಂದೆವು.

---

ಕಡತವಿಲೇವಾರಿ:

«ಅಣ್ಣನವರು» ಎಂಬುದನ್ನು «ಅಣ್ಣನರವರು» ಎಂದು ಬರೆಯಬೇಕಲ್ಲವೇ? ಆಮಂತ್ರಣಗಳಲ್ಲಿ ಹೆಸರಿನ ಮುಂದೆ ‘ರವರು’ ಎಂದೇ ಇರುತ್ತದೆ.

---

ನಿವೃತ್ತ ಉಪಸಂಪಾದಕ:

ಇಲ್ಲ. ‘ಅವರು’ ಎಂಬುದೇ ಸರಿಯಾದ ರೂಪ. ಅಣ್ಣ ಎಂಬುದಕ್ಕೆ ಅದು ಸೇರಿ ಅಣ್ಣನವರು ಆಗಿದೆ. ‘ರವರು’ ಎಂಬುದು ಕಚೇರಿಯ ಕಡತಗಳಿಂದ ಆಮಂತ್ರಣಗಳಿಗೆ ಹರಡಿದ್ದು. ಪತ್ರದ ತಲೆಯಲ್ಲಿ ಮೇಡಂ ಅವರ ಹೆಸರು ಬರೆಯುವಾಗಲೂ ‘ರವರಿಗೆ’ ಎನ್ನದೆ ‘ಅವರಿಗೆ’ ಎಂದು ಬಿಡಿಸಿ ಬರೆಯಿರಿ.

---

ಕಡತವಿಲೇವಾರಿ:

ನಮ್ಮ ಕಚೇರಿಯಲ್ಲಿ ಎಲ್ಲರೂ ‘ರವರಿಗೆ’ ಎಂದೇ ಬರೆಯುತ್ತಾರೆ, ಯಾರೂ ತಪ್ಪು ಎಂದಿಲ್ಲ.

---

ಹೊಳೆಸಾಲು:

‘ಅವರಿಗೆ’ ಎಂದೇ ಇಟ್ಟಿದ್ದೇನೆ. ಅನುವಾದದ ಕೊನೆಯ ಸಾಲನ್ನು ಕಡಲತಡಿ ಅವರು ಹೇಳಿದಂತೆ ಬದಲಿಸಿದೆ. ಪತ್ರವನ್ನು ಅಕ್ಷರ ಚೆನ್ನಾಗಿರುವ ನಮ್ಮ ಕಾವಲಿನವರೊಬ್ಬರು ನಾಳೆ ಕೈಯಲ್ಲಿ ಬರೆದುಕೊಡುತ್ತಾರೆ. ಎಲ್ಲರ ಸಹಿ ಹಾಕಿಸಿ ಸೋಮವಾರ ಕಳುಹಿಸುತ್ತೇವೆ.